ನಕ್ಷತ್ರದ ಗುರುತಿನ ಸಾಲು

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಕೊಲ್ಲಾಪುರದ ಕಡೆಯವಳು. ಓದಿದ್ದೆಲ್ಲ ಮರಾಠಿ ಶಾಲೆಯಲ್ಲಿ. ಕನ್ನಡ ಮಾತಾಡುವುದನ್ನು ಬೇಗ ಕಲಿತಳು, ಓದಲು ಮಾತ್ರ ಬರುತ್ತಿರಲಿಲ್ಲ. ಅವಳು ದಿಗ್ಗೇವಾಡಿಯ ನಮ್ಮ ಮನೆಗೆ ಬಂದ ದಿನದಿಂದ ನನಗೆ ಹೊಟ್ಟೆಕಿಚ್ಚು. ಸುಳ್ಳೇಕೆ ಹೇಳಲಿ? ಹನ್ನೆರಡು ವರ್ಷ ನಾನು ರೊಟ್ಟಿ ಬಡಿದರೂ ಕೇಳದವರು, ಅವಳು ನಾಲ್ಕು ಚಪಾತಿ ಲಟ್ಟಿಸಿದರೆ ಓಣಿಯೆಲ್ಲ ಹೇಳಿಕೊಂಡು ಬರುತ್ತಿದ್ದರು ನಮ್ಮತ್ತೆ. ಅತ್ತೆಯ ತವರು ನಿಪ್ಪಾಣಿ. ಇಬ್ಬರೂ ಮರಾಠಿಯಲ್ಲಿ ಏನೋ ಹೇಳಿಕೊಂಡು ನಕ್ಕರೆ, ನನಗೆ ಎಲ್ಲ ತಿಳಿಯುತ್ತಿದ್ದರೂ ಮೈಯೆಲ್ಲ ಉರಿಯುತ್ತಿತ್ತು.

ಓದುವ ಕೆಲಸಕ್ಕೆ ಮಾತ್ರ ಅವಳಿಗೆ ನಾನೇ ಬೇಕು. ಕರೆಂಟ್ ಬಿಲ್ಲು, ಶಾಲೆಯ ಚೀಟಿ, ಔಷಧದ ಡಬ್ಬಿ, ಕನ್ನಡದ್ದು ಏನೇ ಇದ್ದರೂ ಫೋಟೊ ಹೊಡೆದು ನನ್ನ ಮೊಬೈಲಿಗೆ ಕಳಿಸುವಳು. ನಾನು ಅಡುಗೆಮನೆಯಲ್ಲಿದ್ದು ಅವಳು ಪಡಸಾಲೆಯಲ್ಲಿದ್ದರೂ ಕಳಿಸುವಳು.

ಒಂದು ದಿನ ಚಿಕ್ಕೋಡಿಯ ಸೀರೆ ಅಂಗಡಿಯೊಂದರ ಕೂಪನ್ನಿನ ಫೋಟೊ ಬಂತು. ‘ಸಾವಿರ ರೂಪಾಯಿ ರಿಯಾಯಿತಿ’ ಎಂದು ಮೇಲೆ ದಪ್ಪಗೆ ಎರಡೂ ಭಾಷೆಯಲ್ಲಿತ್ತು. ಷರತ್ತುಗಳು ಮಾತ್ರ ಕೆಳಗೆ, ಬರೀ ಕನ್ನಡದಲ್ಲಿ, ಇರುವೆ ಸಾಲಿನ ಹಾಗೆ. ಹಿಂದೆಯೇ ಅವಳೂ ಓಡಿಬಂದಳು.

“ಅಕ್ಕಾ, ಕೆಳಗ ಬಾರೀಕ ಅಕ್ಷರದಾಗ ಏನ ಬರದಾರ? ಜರಾ ಓದಿ ಹೇಳ್ರಿ. ನಿಪ್ಪಾಣಿ ಲಗ್ನಕ್ಕ ಅತ್ತೀಗೆ ರೇಷ್ಮಿ ಸೀರಿ ತರೂಣು ಅಂದೀನಿ. ಕುಬಸ ಹೊಲದು ನಾಲ್ಕೂವರಿ ಸಾವಿರ ಕೂಡ್ಸೀನಿ.”

ಅತ್ತೆಗೆ ರೇಷ್ಮೆ ಸೀರೆ! ಹಿಂದೊಮ್ಮೆ ನಾನು ಕೊಟ್ಟ ಸೀರೆಯ ಮಡಿಕೆಯನ್ನೂ ಬಿಚ್ಚದೆ ಟ್ರಂಕಿನಲ್ಲಿಟ್ಟ ಮಹಾತಾಯಿಗೆ! ಬೆರಳಿನಿಂದ ಫೋಟೊ ದೊಡ್ಡದು ಮಾಡಿ ಓದಿದೆ. “ಒಂದೇ ಬಿಲ್ಲಿನ್ಯಾಗ ಐದು ಸಾವಿರದ ಮ್ಯಾಲ ಖರೀದಿ ಮಾಡಬೇಕು. ಬರೂ ಐತವಾರದ ತನಕ ನಡೀತೈತಿ. ಮೊಬೈಲಿನ್ಯಾಗ ಫೋಟೊ ತೋರ್ಸಿದ್ರೂ ಸಾಕು.” ಅದರ ಕೆಳಗೆ, ನಕ್ಷತ್ರದ ಗುರುತು ಹಾಕಿ ಇನ್ನೊಂದು ಸಾಲಿತ್ತು: ‘ರೇಷ್ಮೆ ಸೀರೆಗಳಿಗೆ ಅನ್ವಯಿಸುವುದಿಲ್ಲ.’ ಅದನ್ನು ಓದಿದೆ, ಹೇಳಲಿಲ್ಲ. ಹೋಗಲಿ, ಅತ್ತೆಯ ಮುಂದೆಯೇ ಮುಖ ಸಣ್ಣದು ಮಾಡಿಕೊಂಡು ಬರಲಿ, ಜಂಬ ಇಳಿಯಲಿ ಅನ್ನಿಸಿತು.

ಐತವಾರ ಮೂವರೂ ಚಿಕ್ಕೋಡಿಗೆ ಹೋದೆವು. ನೇರಳೆ ಹಣ್ಣಿನಂಥ ಜಾಂಬಳಿ ಬಣ್ಣದ ರೇಷ್ಮೆ ಸೀರೆ, ಐದು ಸಾವಿರದ ನಾಲ್ಕು ನೂರು. ಅಂಗಡಿಯವರು ಅದನ್ನು ಅತ್ತೆಯ ಹೆಗಲ ಮೇಲೆ ಹರವಿದಾಗ ಅವರು ಕನ್ನಡಿಯ ಮುಂದಿನಿಂದ ಕದಲಲೇ ಇಲ್ಲ. ನನಗೆ ನೋಡಲಾಗದೆ ಆಚೆ ಮುಖ ತಿರುಗಿಸಿದೆ.

ಗಲ್ಲಾದ ಮೇಲಿದ್ದವರು ನೆಗೆಣ್ಣಿಯ ಮೊಬೈಲು ನೋಡಿ ತಲೆಯಾಡಿಸಿದರು. “ರೇಷ್ಮಿಗೆ ಇದು ನಡ್ಯಾಂಗಿಲ್ರಿ ಬಾಯಾರ. ಬ್ಯಾರೆ ಸೀರಿ ಐದು ಸಾವಿರದ್ದು ತಗೋರಿ, ಸಾವಿರ ಬಿಡ್ತೀವಿ.”

“ಹಂಗ ಹೆಂಗ್ರಿ? ಇದನ್ನ ನಮ್ಮ ಅಕ್ಕ ಓದ್ಯಾರ. ಅವ್ರು ಓದಿದ್ದು ಎಂದೂ ತಪ್ಪಾಂಗಿಲ್ಲ,” ಎಂದು ಅವಳು ಜಗಳಕ್ಕೇ ನಿಂತಳು. ನಾಲ್ಕು ಜನ ತಿರುಗಿ ನೋಡಿದರು. ಗಲ್ಲಾದವರು ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿದರು. ಅವಳು ನಂಬಲಿಲ್ಲ. ಮೊಬೈಲು ತಂದು ನನ್ನ ಕೈಗಿಟ್ಟಳು.

“ಇವ್ರು ತಮಗ ಬೇಕಾದಂಗ ಓದಾಕತ್ತಾರ. ನೀವ ಹೇಳ್ರಿ ಅಕ್ಕಾ, ಹಂಗ ಬರದೈತೇನು?”

“ಐತಿ,” ಎಂದೆ.

“ಅವತ್ತ ಕಣ್ಣಿಗೆ ಬಿದ್ದಿರಾಕಿಲ್ಲ, ಹೌದಿಲ್ಲೋ?”

ತಪ್ಪಿಸಿಕೊಳ್ಳಲು ದಾರಿಯನ್ನು ಅವಳೇ ತೋರಿಸಿದ್ದಳು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಅವಳ ಕಣ್ಣು ನೋಡಿ ಆ ಸುಳ್ಳು ಹೊರಡಲಿಲ್ಲ. “ಬಿದ್ದಿತ್ತು,” ಎಂದೆ.

ಅವಳು ನನ್ನ ಕೈಯಿಂದ ಮೊಬೈಲು ತೆಗೆದುಕೊಂಡಳು. ಅತ್ತೆ ಹೆಗಲ ಮೇಲಿನ ಸೀರೆಯನ್ನು ತಾವೇ ತೆಗೆದು ಅಂಗಡಿಯವರ ಕೈಗೆ ಕೊಟ್ಟರು. ಬಸ್ಸಿನಲ್ಲಿ ಒಬ್ಬರಾದರೂ ಬೈಯುತ್ತಾರೆಂದು ದಾರಿಯುದ್ದಕ್ಕೂ ಕಾದೆ.

ಆಮೇಲೆ ನನ್ನ ಮೊಬೈಲಿಗೆ ಅವಳಿಂದ ಒಂದು ಫೋಟೊವೂ ಬರಲಿಲ್ಲ. ಈಗ ಸಂಜೆ ತನ್ನ ಮಗಳ ಶಾಲೆಯ ಒಂದನೇ ಇಯತ್ತೆಯ ಕನ್ನಡ ಪುಸ್ತಕ ಹಿಡಿದು ಕೂರುತ್ತಾಳೆ. ಅಕ್ಷರಗಳ ಮೇಲೆ ಬೆರಳಿಟ್ಟು ‘ಅರಸ, ಆನೆ’ ಎಂದು ತಡವರಿಸುತ್ತಾಳೆ. ತಪ್ಪಿದರೆ ಆ ಪುಟ್ಟ ಹುಡುಗಿ ತಿದ್ದುತ್ತಾಳೆ. ನಾನು ಮಾರು ದೂರದಲ್ಲಿ ಕಾಯಿಪಲ್ಯೆ ಹೆಚ್ಚುತ್ತ ಇರುತ್ತೇನೆ. ನನ್ನನ್ನು ಕೇಳುವುದಿಲ್ಲ. ಆ ಹುಡುಗಿಯ ಮೇಲೂ ಈಗ ನನಗೆ ಹೊಟ್ಟೆಕಿಚ್ಚು.