ಸ್ಟೋರಕ್ಕನ ಮೂರು ಹಂತ

ಬಿಡಿಭಾಗಗಳ ಆ ಗೋದಾಮಿನಲ್ಲಿ ಅವಳನ್ನು ಎಲ್ಲರೂ ಸ್ಟೋರಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷದಿಂದ ಇನ್‌ಚಾರ್ಜ್ ಕೆಲಸವನ್ನೆಲ್ಲ ಅವಳೇ ಮಾಡುತ್ತಿದ್ದರೂ ಕುರ್ಚಿ ಮಾತ್ರ ಖಾಲಿ. ಹೊಸ ಸಾಫ್ಟ್‌ವೇರ್ ಬಂದಾಗ ಮ್ಯಾನೇಜರ್ ಹೇಳಿದ್ದ: "ತರಬೇತಿ ಮುಗಿಸಿ ತೋರಿಸು, ಕುರ್ಚಿ ನಿಂದೇ." ಪಾಪ, ನಂಬಿಬಿಟ್ಟಳು.

ಸಾಫ್ಟ್‌ವೇರ್ ಕಂಪನಿಯ ತರಬೇತುದಾರ್ತಿ ಮೂರು ಹಂತದ ವೇಳಾಪಟ್ಟಿ ಕಳಿಸಿದಳು. ಮೊದಲು ಸೆಟ್ಟಿಂಗ್ಸ್, ವಾರದ ನಂತರ ಅಭ್ಯಾಸ, ಮತ್ತೊಂದು ವಾರಕ್ಕೆ ಬಳಕೆದಾರರ ಪಟ್ಟಿ ಹಾಗೂ ಚಾಲನೆ. ನಡುವೆ ಹೋಮ್‌ವರ್ಕ್. ತರಬೇತಿಗೆ ಮೂರು ದಿನ ಮೊದಲೇ ಒಬ್ಬರಿಗೆ ಅಡ್ಮಿನ್ ಪ್ರವೇಶ, ಅಂದರೆ ಖಾತೆ ತೆರೆದು ಮುಚ್ಚುವ ಅಧಿಕಾರ, ಕೊಡದಿದ್ದರೆ ದಿನಾಂಕ ಮುಂದಕ್ಕೆ. ಹೋಮ್‌ವರ್ಕ್ ಒಬ್ಬರದು ಬಾಕಿಯಿದ್ದರೂ ಮುಂದಿನ ಹಂತವಿಲ್ಲ.

ಮ್ಯಾನೇಜರ್ ಪ್ರವೇಶ ಕೊಡದೆ ಎರಡು ಸಲ ದಿನಾಂಕ ಹಾಳು ಮಾಡಿದ. ಸ್ಟೋರಕ್ಕ ಅವನ ಬಾಗಿಲು ಕಾದೂ ಕಾದೂ ಅಡ್ಮಿನ್ ಆದಳು. ನಾಲ್ಕು ಸಾವಿರ ಸಾಮಾನಿನ ಪಟ್ಟಿಯನ್ನು, ಯಾವುದು ಯಾವ ಕಪಾಟಿನಲ್ಲಿದೆ ಎಂಬುದರ ಸಮೇತ, ತಾನೇ ತುಂಬಿಸಿದಳು.

ತರಬೇತಿಗೆ ಇನ್ನೊಬ್ಬನೂ ಇದ್ದ, ಮ್ಯಾನೇಜರನ ಭಾಮೈದ. ಮಹಾಶಯ ಕೂತಲ್ಲೇ ತೂಕಡಿಸುತ್ತಿದ್ದ. ಎರಡನೇ ಹಂತದ ಹೋಮ್‌ವರ್ಕ್ ಸಲ್ಲಿಸುವ ದಿನ ಹಲ್ಲು ಗಿಂಜಿದ. "ಅಕ್ಕಾ, ನಂಗೊಂದೂ ತಲೆಗೆ ಹೋಗ್ತಿಲ್ಲ. ಪಾಸ್‌ವರ್ಡ್ ಕೊಡ್ತೀನಿ, ಮಾಡ್ಬಿಡಿ. ಇಲ್ಲಾಂದ್ರೆ ಮತ್ತೆ ದಿನಾಂಕ ಮುಂದಕ್ಕೆ ಹೋಗುತ್ತೆ."

ಹೋದರೆ ಹೋಗಲಿ ಎನ್ನಬಾರದಿತ್ತೇ? ಅವನ ಹೆಸರಿನಲ್ಲಿ ಕೂತು ಇಪ್ಪತ್ತು ಅಭ್ಯಾಸವನ್ನೂ ಮಾಡಿ ಮುಗಿಸಿದಳು. ಎಂಥಾ ಹುಚ್ಚು ಹೆಂಗಸು!

ಮೂರನೇ ಹಂತದ ಬೆಳಿಗ್ಗೆ ಮ್ಯಾನೇಜರ್ ಬಳಕೆದಾರರ ಪಟ್ಟಿ ಕೊಟ್ಟ. ಇನ್‌ಚಾರ್ಜ್: ಭಾಮೈದ. ಕಡೆಯ ಸಾಲಿನಲ್ಲಿ ಅವಳ ಹೆಸರು, ಪಕ್ಕದಲ್ಲಿ 'ನಿಷ್ಕ್ರಿಯ'.

"ಸರ್, ಇದೇನಿದು?"

"ವರದಿ ನೋಡಮ್ಮಾ, ಅವನ್ದೂ ನೂರಕ್ಕೆ ನೂರು. ಸಾಮಾನೆಲ್ಲಿದೆ ಅಂತ ಈಗ ಸಾಫ್ಟ್‌ವೇರೇ ಹೇಳುತ್ತಲ್ಲ, ಇಬ್ಬರು ಯಾಕೆ? ಈ ತಿಂಗಳಿಗೆ ನಿನ್ನ ಲೆಕ್ಕ ಚುಕ್ತಾ."

ಅವನ ಹೋಮ್‌ವರ್ಕ್ ಮಾಡಿದ್ದು ನಾನು ಎಂದು ಬಾಯಿ ತೆರೆದಳು. "ಬೇರೆಯವರ ಪಾಸ್‌ವರ್ಡ್ ಬಳಸಿದ್ಯಾ? ಅದಕ್ಕೂ ಒಂದು ನೋಟಿಸ್ ಕೊಡ್ಲಾ?" ಎಂದ. ಅವಳು ಪಟ್ಟಿ ತುಂಬಿಸಲು ಕೂತು ಕಡೆಯ ಸಾಲಿಗೆ ಬಂದಳು.

ಪಕ್ಕದಲ್ಲಿದ್ದ ತರಬೇತುದಾರ್ತಿ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು: "ಮೇಡಂ, ಅಡ್ಮಿನ್ ತನ್ನ ಖಾತೆಯನ್ನ ತಾನೇ ಮುಚ್ಚೋಕೆ ಈ ಸಾಫ್ಟ್‌ವೇರ್ ಬಿಡಲ್ಲ. ಮೊದಲು ಹೊಸ ಇನ್‌ಚಾರ್ಜ್‌ನ ಅಡ್ಮಿನ್ ಮಾಡಿ, ಆಮೇಲೆ ಅವರು ಮುಚ್ಚಬಹುದು."

ಸ್ಟೋರಕ್ಕ ಮಾಡಿದಳು. ಭಾಮೈದ ಅವಳ ಕುರ್ಚಿಯಲ್ಲಿ ಕೂತು ಪರದೆಯನ್ನು ಮಿಕಮಿಕ ನೋಡಿದ.

"ಅಕ್ಕಾ, ಎಲ್ಲಿ ಒತ್ತಬೇಕು?"

ಅಭ್ಯಾಸ ಎಲ್ಲಿ ಬಿಡುತ್ತದೆ. ಬಗ್ಗಿ, ತನ್ನ ಹೆಸರಿನ ಪಕ್ಕದ ಗುಂಡಿಯನ್ನು ಬೆರಳಿಟ್ಟು ತೋರಿಸಿದಳು.