ಗೇರ್‌ಬಾಕ್ಸ್ ಆಯಿಲ್ ಬೇಡ ಎಂದ ಕಾಂತರಾಜು

ಸುಂಕದಕಟ್ಟೆಯ ಮೆಕ್ಯಾನಿಕ್ ಕಾಂತರಾಜು ಹಳೆಯ ಗೇರಿನ ಕಾರುಗಳಲ್ಲಿ ಪಳಗಿದವನು. ಕುರುಬರಹಳ್ಳಿಯ ಸ್ಪಂದನ ತಂದದ್ದು ಸಿವಿಟಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಕಾರು. ಅದರಲ್ಲಿ ಹಲ್ಲಿನ ಗೇರುಗಳ ಬದಲು ಎರಡು ಪುಲ್ಲಿಗಳ ನಡುವೆ ಉಕ್ಕಿನ ಬೆಲ್ಟ್ ಓಡುತ್ತದೆ ಎಂಬಷ್ಟೇ ಅವನಿಗೆ ಗೊತ್ತಿತ್ತು.

"ಐವತ್ತು ಸಾವಿರ ಕಿಲೋಮೀಟರ್ ಆಯ್ತು, ಗೇರ್‌ಬಾಕ್ಸ್ ಆಯಿಲ್ ಬದಲಾಯಿಸ್ಬೇಕಾ?" ಎಂದು ಆಕೆ ಕೇಳಿದಾಗ ಗೊತ್ತಿಲ್ಲ ಎನ್ನಲು ಅವನಿಗೆ ನಾಚಿಕೆಯಾಯಿತು. "ಬೇಡ ಮೇಡಂ, ಅದು ಗಾಡಿ ಇರೋವರೆಗೂ ಬರುತ್ತೆ" ಎಂದುಬಿಟ್ಟ.

ತೊಂಬತ್ತು ಸಾವಿರಕ್ಕೆ ಆಕೆ ಮತ್ತೆ ಬಂದರು. "ಅಪ್ಪನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತಿದ್ದೆ. ಫ್ಲೈಓವರ್ ಹತ್ತುವಾಗ ಮೀಟರ್ ಹತ್ರ ಹಳದಿ ದೀಪ ಬಂತು. ಆಕ್ಸಿಲರೇಟರ್ ಒತ್ತಿದ್ರೆ ಇಂಜಿನ್ ಕೂಗುತ್ತೆ, ಗಾಡಿ ಏರಲ್ಲ. ನಡುಗುತ್ತೆ ಬೇರೆ."

ಕಾಂತರಾಜು ಆಯಿಲ್ ಇಳಿಸಿದ. ಕಪ್ಪಗೆ, ಸುಟ್ಟ ವಾಸನೆ. ಒಳಗಿನ ಮ್ಯಾಗ್ನೆಟ್ಟಿಗೆ ಲೋಹದ ಚೂರುಗಳು ಅಂಟಿದ್ದವು. ಹಳೇ ಆಯಿಲ್ ಹಿಡಿತ ಕೊಡದೆ ಬೆಲ್ಟ್ ಜಾರಿ ಪುಲ್ಲಿಯನ್ನು ಸವೆಸಿತ್ತು. ಕಾರಿನ ಕೈಪಿಡಿ ತೆರೆದರೆ, ಅರವತ್ತು ಸಾವಿರಕ್ಕೇ ಆಯಿಲ್ ಬದಲಿಸಬೇಕು, ಸಿವಿಟಿಯದ್ದೇ ಆಯಿಲ್ ಹಾಕಬೇಕು ಎಂದಿತ್ತು. ಅವನು ಕೈಪಿಡಿಯನ್ನು ಆಕೆಯ ಮುಂದಿಟ್ಟ.

"ಮೇಡಂ, ಇದು ನನ್ನ ತಪ್ಪು. ಗೊತ್ತಿಲ್ಲದೇ ಹೇಳ್ಬಿಟ್ಟೆ. ಇನ್ನು ಇದನ್ನ ಓಡಿಸ್ಬೇಡಿ, ದಾರೀಲೇ ನಿಂತು ಹೋಗ್ಬಹುದು."

"ಅವತ್ತೇ ಗೊತ್ತಿಲ್ಲ ಅಂದಿದ್ರೆ ಬೇರೆಯವರನ್ನ ಕೇಳ್ತಿದ್ದೆ" ಎಂದಷ್ಟೇ ಆಕೆ ಹೇಳಿದರು.

ಸಿವಿಟಿ ಬಲ್ಲ ವರ್ಕ್‌ಶಾಪಿಗೆ ಕಾರನ್ನು ಅವನೇ ಲಾರಿಯಲ್ಲಿ ಸಾಗಿಸಿದ. ಅದು ಸರಿಯಾಗುವವರೆಗೆ ವಾರಕ್ಕೆ ಮೂರು ದಿನ ಅವರಪ್ಪನನ್ನು ತನ್ನ ಹಳೇ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಮುದುಕರು ಪ್ರತಿಸಲ "ನಿನಗ್ಯಾಕಪ್ಪಾ ತೊಂದ್ರೆ" ಎನ್ನುತ್ತಿದ್ದರು. ಅವನ ತಪ್ಪಿನ ಬಗ್ಗೆ ಮಗಳು ಅವರಿಗೆ ಏನೂ ಹೇಳಿಲ್ಲವೆಂದು ತಿಳಿದು ಅವನಿಗೆ ಇನ್ನಷ್ಟು ಸಂಕಟವಾಗುತ್ತಿತ್ತು.