ಗೆಲುವಪ್ಪನ ಪಟ್ಟಿ, ತಮ್ಮನ ಕುರ್ಚಿ

ಅಕ್ಕನನ್ನು ತಕ್ಕಡಿಗೆ ಹಾಕಿದರೆ ಹಗುರ, ಬೆಲೆಗೆ ನಿಂತರೆ ಒಂದು ಕಾಸೂ ಇಳಿಯದ ಹೆಂಗಸು. ಮೇಲಿನ ಹೊದಿಕೆ ಮಾಸಿದೆ, ಒಳಗಿನ ಸರಕು ಗಟ್ಟಿ. ನಗುವೊಂದು ಮಾತ್ರ ಸದಾ ದಾಸ್ತಾನಿನಲ್ಲಿ ಇರುವುದಿಲ್ಲ. ಕುದುರೆ ರೇಸಿನ ಮೈದಾನದಲ್ಲಿ, ಗೆದ್ದ ಚೀಟಿಗೆ ಹಣ ಎಣಿಸಿಕೊಡುವ ಕಿಟಕಿಯ ಹಿಂದೆ ಅವಳ ಅರ್ಧ ಆಯುಷ್ಯ ಕಳೆದಿತ್ತು.

ಅವಳ ತಮ್ಮ ಅದೇ ಮೈದಾನದ ಗೇಟಿನೆದುರು ಕ್ಷೌರದ ಅಂಗಡಿ ಇಟ್ಟಿದ್ದ. ಇದ್ದದ್ದು ಒಂದೇ ಕುರ್ಚಿ. ಎರಡನೆಯದಕ್ಕೆಂದು ಕೂಡಿಟ್ಟ ಹಣ ಕತ್ತರಿ ಡಬ್ಬಿಯ ತಳದಲ್ಲಿತ್ತು. ಆ ಡಬ್ಬಿಯ ಮೇಲೆ ಈಗ ಗೆಲುವಪ್ಪನ ಕಣ್ಣು ಬಿದ್ದಿತ್ತು.

ಗೆಲುವಪ್ಪ ಅವನ ಅಡ್ಡಹೆಸರು. ಯಾವ ಕುದುರೆ ಗೆಲ್ಲುತ್ತದೆಂದು ಹೇಳುವುದು ಕಸುಬು. ವಾರವಾರ ಗಡ್ಡ ಹೆರೆಸಿಕೊಳ್ಳುತ್ತ, ಹತ್ತರಲ್ಲಿ ಎಂಟು ಗೆದ್ದ ಪಟ್ಟಿ ತೋರಿಸಿ, ಇಡೀ ಸೀಸನ್ನಿನ ಚಂದಾ ಕೊಟ್ಟುಬಿಡು, ಒಂದೇನು, ಮೂರು ಕುರ್ಚಿ ತಗೋಬಹುದು ಎಂದು ತಮ್ಮನ ಕಿವಿ ಕಚ್ಚುತ್ತಿದ್ದ. ಪಟ್ಟಿಯ ಕೆಳಗೆ ದಪ್ಪಕ್ಷರದಲ್ಲಿ 'ಲಾಭ ಹದಿನಾಲ್ಕು ಪಾಲು' ಎಂದಿತ್ತು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಕನ್ನಡಿ ವ್ಯಾಪಾರಿಯೂ ಕತ್ತು ಉದ್ದ ಮಾಡಿ ನೋಡಿ, ಜೇಬು ತಡವಿಕೊಂಡ.

ರಾತ್ರಿ ಊಟದ ತಟ್ಟೆಯ ಪಕ್ಕ ತಮ್ಮ ಆ ಪಟ್ಟಿ ಇಟ್ಟ. ಅಕ್ಕ ಕೈ ತೊಳೆಯದೆಯೇ ಓದಿದಳು. ಕುದುರೆಗಳು ಗೆದ್ದದ್ದು ನಿಜವೇ ಎಂದು ಒಪ್ಪಿಕೊಂಡಳು, ಆ ಎಂಟಕ್ಕೂ ಅವಳ ಕಿಟಕಿಯೇ ಹಣ ಕೊಟ್ಟಿತ್ತು. ಆದರೆ ಎಲ್ಲವೂ ಜನ ಮುಗಿಬಿದ್ದು ಕಟ್ಟಿದ ಕುದುರೆಗಳು, ನೂರು ಕಟ್ಟಿದರೆ ಮೇಲೆ ಸಿಕ್ಕಿದ್ದು ಇಪ್ಪತ್ತು.

"ಪ್ರತಿ ಸಲ ನೂರೇ ಕಟ್ಟಿದೆ ಅಂದ್ಕೋ," ಅಂದಳು. "ಗೆದ್ದ ಎಂಟರಿಂದ ನೂರರವತ್ತು ಬಂತು. ಸೋತ ಎರಡಕ್ಕೆ ಇನ್ನೂರು ಹೋಯ್ತು. ಲಾಭ ಎಲ್ಲೋ?"

"ಹದಿನಾಲ್ಕು ಪಾಲು ಅಂತ ಬರೆದಿದಾರಲ್ಲ."

"ಒಂದು ಪಾಲು ಅಂದ್ರೆ ನೂರು ಅಂದ್ಕೋ. ಗೆದ್ದದ್ದಕ್ಕೆಲ್ಲ ಹತ್ತು ಪಾಲು ಕಟ್ಟಿದೆ ಅಂತ, ಸೋತದ್ದಕ್ಕೆ ಒಂದೇ ಪಾಲು ಅಂತ ಬರೆದಿದಾನೆ. ರೇಸು ಮುಗಿದ ಮೇಲೆ ಅಷ್ಟು ಜಾಣತನ ನಮ್ಮನೆ ಬೆಕ್ಕಿಗೂ ಬರುತ್ತೆ. ಓಟಕ್ಕೆ ಮುಂಚೆ ಇದನ್ನ ಕಂಡವರು ಯಾರು?"

ತಮ್ಮನಿಗೆ ರೇಗಿತು. ಇಷ್ಟು ಚೆನ್ನಾಗಿ ನಡೆಯುವ ಪಟ್ಟಿ ಸುಳ್ಳಾಗಲು ಸಾಧ್ಯವೇ ಇಲ್ಲ, ಒಳ್ಳೆ ಕೆಲಸ ತಾನೇ ಮಾತಾಡುತ್ತದೆ ಎಂದು ಬಡಬಡಿಸಿದ. ತನ್ನನ್ನೇ ಸಾಕ್ಷಿಗೆ ಎಳೆದ: ಅಂಗಡಿ ತೆರೆದಾಗಿನಿಂದ ಒಬ್ಬನೇ ಒಬ್ಬ ಗಿರಾಕಿ ಕ್ಷೌರ ಕೆಟ್ಟಿತು ಎಂದಿದ್ದಾನೆಯೇ?

ಅಕ್ಕ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟಳು. "ನನ್ನ ಕಿಟಕಿಗೂ ಸೋತವನು ಒಬ್ಬನೂ ಬಂದಿಲ್ಲ ಕಣೋ. ಅಲ್ಲೇ ಕೂತಿದ್ರೆ ಊರಿಗೆ ಊರೇ ಗೆಲ್ತಿದೆ ಅಂದ್ಕೋಬೇಕು. ಮನೆಗೆ ಹೊರಟಾಗ ಹರಿದ ಚೀಟಿ ಕಾಲಿಗೆ ಸಿಗುತ್ತಲ್ಲ, ಆಗ ಗೊತ್ತಾಗುತ್ತೆ. ನಾಳೆ ಹೋಗಿ ಮೂಲೆ ಕ್ಷೌರದಂಗಡಿ ಕುರ್ಚೀಲಿ ಯಾರು ಕೂತಿದಾರೆ ನೋಡ್ಕೊಂಡು ಬಾ."

ತಮ್ಮ ಮರುದಿನ ಬ್ಲೇಡು ಸಾಲ ಕೇಳುವ ನೆಪದಲ್ಲಿ ಮೂಲೆಯ ಕ್ಷೌರದಂಗಡಿಗೆ ಹೋದ. ಕುರ್ಚಿಯಲ್ಲಿ ಅವನ ಹಳೆಯ ಗಿರಾಕಿ ಮೇಷ್ಟ್ರು. ಬೆಂಚಿನಲ್ಲಿ ದರ್ಜಿ, ಪೋಸ್ಟ್‌ಮ್ಯಾನ್, ಕೊನೆಗೆ ತನ್ನ ಸ್ವಂತ ಭಾವಮೈದ. ಊರು ಬಿಟ್ಟಿದ್ದಾರೆ ಎಂದುಕೊಂಡವರೆಲ್ಲ ಅಲ್ಲೇ ಸಾಲಾಗಿ ಕೂತಿದ್ದರು. ಭಾವಮೈದ ಪೇಪರು ಎತ್ತಿ ಮುಖ ಮುಚ್ಚಿಕೊಂಡ. ಮೇಷ್ಟ್ರು ಮಾತ್ರ ಸಂಕೋಚವಿಲ್ಲದೆ ಎಡಗಿವಿ ಮುಟ್ಟಿ ನೋಡಿಕೊಂಡರು.

ಬ್ಲೇಡು ಮರೆತು ತಮ್ಮ ಮರಳಿದ.

ಸಂಜೆ ಗೆಲುವಪ್ಪ ಬಂದು, ಬೆಂಚಿನಲ್ಲಿ ಕನ್ನಡಿ ವ್ಯಾಪಾರಿಯ ಪಕ್ಕ ಕಾದು, ಸರದಿ ಬಂದಾಗ ಕುರ್ಚಿಯಲ್ಲಿ ಒರಗಿದ. ಡಬ್ಬಿ ತೆಗೆ ಎಂದ. ಡಬ್ಬಿ ತೆಗೆಯುವ ಬದಲು ತಮ್ಮ ಅವನ ಕೆನ್ನೆಗೆ ನೊರೆ ಹಚ್ಚಿದ.

"ಗುರುಗಳೇ, ಇದೊಂದೇ ಪಟ್ಟೀನಾ, ಬೇರೆಯೂ ಇತ್ತಾ?"

"ಆರು ಹೆಸರಲ್ಲಿ ಆರು ಪಟ್ಟಿ ನಡೆಸ್ತಿದ್ದೆ," ಎಂದ ಗೆಲುವಪ್ಪ, ನೊರೆಯೊಳಗಿಂದ, ಹೆಮ್ಮೆಯಿಂದಲೇ. "ಓಡದ ಐದನ್ನ ನಿಲ್ಲಿಸಿಬಿಟ್ಟೆ. ಸೋತ ಪಟ್ಟಿ ಯಾರಯ್ಯ ಓದ್ತಾರೆ?"

ಜೇಬಿನಲ್ಲಿದ್ದ ಕನ್ನಡಿ ವ್ಯಾಪಾರಿಯ ಕೈ ಬರಿದೇ ಹೊರಬಂತು.

ಅಕ್ಕ ಹೇಳಿಕೊಟ್ಟದ್ದನ್ನು ತಮ್ಮ ವಿನಯದಿಂದ ಒಪ್ಪಿಸಿದ. ಇನ್ನು ಮೇಲೆ ಓಟಕ್ಕೆ ಮುಂಚೆಯೇ ಹೆಸರು ಹೇಳಬೇಕು, ಅಂಗಡಿಯ ಕನ್ನಡಿಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯಲಾಗುವುದು. ಪ್ರತಿಯೊಂದಕ್ಕೂ ಒಂದೇ ಪಾಲು, ಗೆದ್ದರೆ ಕಿಟಕಿ ಕೊಡುವ ದರವೇ ಲೆಕ್ಕ, ಸೋತದ್ದನ್ನು ಒರೆಸುವಂತಿಲ್ಲ. ಇಡೀ ಸೀಸನ್ ಹೀಗೆ ನಡೆದು ಲಾಭ ನಿಂತರೆ ಚಂದಾದ ಮಾತು. ಹತ್ತು ಓಟದಲ್ಲಿ ಅದೃಷ್ಟವೂ ಗುರುವಿನ ವೇಷ ಹಾಕುತ್ತದೆ ಎಂದು ಅಕ್ಕ ಎಚ್ಚರಿಸಿದ್ದಳಂತೆ.

ಗೆಲುವಪ್ಪ ಆಗಲಿ ಎಂದ. ಅರ್ಧ ಗಡ್ಡಕ್ಕೇ ಎದ್ದು, ಏನೋ ಜ್ಞಾಪಕ ಬಂತೆಂದು ಹೊರಟವನು ಮತ್ತೆ ಬರಲಿಲ್ಲ. ಉಳಿದರ್ಧ ಮೂಲೆಯ ಅಂಗಡಿಯಲ್ಲಿ ಆಯಿತಂತೆ. ಕ್ಷೌರ ಕೆಟ್ಟಿತೆಂಬ ದೂರು ಮಾತ್ರ ಅವನಿಂದಲೂ ಬರಲಿಲ್ಲ.

ಮೇಷ್ಟ್ರನ್ನು ತಮ್ಮ ಹುಡುಕಿಕೊಂಡು ಹೋಗಿ ಎಡಗಿವಿಯ ಬಳಿ ಏನು ತಪ್ಪಾಯಿತೆಂದು ಕೇಳಿಕೊಂಡ. ಡಬ್ಬಿಯ ಹಣಕ್ಕೆ ಎರಡನೇ ಕುರ್ಚಿ ಬಂತು. ಈಗ ಒಂದರಲ್ಲಿ ಮೇಷ್ಟ್ರು ಕೂತಿರುತ್ತಾರೆ, ಇನ್ನೊಂದರಲ್ಲಿ ಒಮ್ಮೊಮ್ಮೆ ಭಾವಮೈದ.

ಆ ಕನ್ನಡಿ ವ್ಯಾಪಾರಿ ನಾನು. ಆ ಸಂಜೆ ಚಂದಾಕ್ಕೆಂದೇ ಹಣ ಎಣಿಸಿ ತಂದಿದ್ದೆ. ಅದು ನನ್ನ ಬಳಿ ಉಳಿದದ್ದು ಅಕ್ಕನಿಂದ.